ಜ್ವರ ಬಂದ ಮೊದಲ ರಾತ್ರಿ ಯಾರು ಎಲ್ಲಿ ಮಲಗಬೇಕು?

ಶಾಲೆಯಿಂದ ಬಂದ ಮಗುವಿನ ಮೈ ಕಾದಿದ್ದರೆ ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಆ ರಾತ್ರಿ ಮಗು ಅಜ್ಜಿಯ ಪಕ್ಕ ಮಲಗುತ್ತದೆ. ಅಪ್ಪ ಅಮ್ಮನಿಗೆ ಬೆಳಗಾದರೆ ಕೆಲಸ. ಅಜ್ಜಿಗೆ ರಾತ್ರಿ ಹೇಗೂ ನಾಲ್ಕು ಸಲ ಎಚ್ಚರವಾಗುತ್ತದೆ. ಹಣೆ ಮುಟ್ಟಿ ನೋಡುವುದು, ಒದ್ದೆ ಬಟ್ಟೆ ಹಾಕುವುದು, ಬೆಚ್ಚಗಿನ ಗಂಜಿ ಕುಡಿಸುವುದು, ಎಲ್ಲವೂ ಅವರಿಗೆ ರೂಢಿ. ಮಗುವಿಗೂ ಜ್ವರದಲ್ಲಿ ಅಜ್ಜಿಯೇ ಬೇಕು.

ಆದರೆ ಆ ಜ್ವರ ಇನ್‌ಫ್ಲುಯೆಂಜಾ ಆಗಿದ್ದರೆ ಈ ಏರ್ಪಾಡು ಅಪಾಯದ್ದು. ಕಾಯಿಲೆ ತಗುಲಿದರೆ ಮನೆಯಲ್ಲಿ ಹೆಚ್ಚು ನರಳುವವರು ಇಬ್ಬರು: ವಯಸ್ಸಾದವರು ಮತ್ತು ಎಳೆಗೂಸು. ವೈರಾಣು ಅತಿ ಹೆಚ್ಚು ಹೊರಬೀಳುವ ಹೊತ್ತಿನಲ್ಲಿ ಅವರಲ್ಲೊಬ್ಬರು ಏಳೆಂಟು ಗಂಟೆ ರೋಗಿಯ ಉಸಿರಿನ ಅಳತೆಯಲ್ಲೇ ಮಲಗಿರುತ್ತಾರೆ.

2023ರ ಮಾರ್ಚ್ ತಿಂಗಳಲ್ಲಿ ಈ ಅಪಾಯ ರಾಜ್ಯದ ಸುದ್ದಿಯಾಗಿತ್ತು. ಎಚ್3ಎನ್2 ಎಂಬ ಇನ್‌ಫ್ಲುಯೆಂಜಾ ತಳಿ ದೇಶದಾದ್ಯಂತ ಹರಡುತ್ತಿದ್ದಾಗ ಅದರಿಂದ ಸಂಭವಿಸಿದ ಮೊದಲ ಸಾವುಗಳಲ್ಲಿ ಒಂದು ಹಾಸನ ಜಿಲ್ಲೆಯಿಂದ ವರದಿಯಾಯಿತು. ತೀರಿಕೊಂಡವರಿಗೆ 82 ವರ್ಷ. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇದ್ದವು. ಅದೇ ತಳಿ ಸಾವಿರಾರು ಮಕ್ಕಳಿಗೂ ಯುವಕರಿಗೂ ನಾಲ್ಕೈದು ದಿನದ ಜ್ವರ, ಎರಡು ವಾರದ ಕೆಮ್ಮು ಕೊಟ್ಟು ಹೋಗಿತ್ತು.

ಮೊದಲ 36 ಗಂಟೆ

ಮನೆಯೊಳಗೆ ಫ್ಲೂ ಹೇಗೆ ಹರಡುತ್ತದೆ ಎಂಬುದನ್ನು ಹಾಂಗ್‌ಕಾಂಗ್‌ನ ಸಂಶೋಧಕರು ಮನೆಗಳಲ್ಲಿಯೇ ಪರೀಕ್ಷಿಸಿದ್ದಾರೆ. ಒಬ್ಬರಿಗೆ ಫ್ಲೂ ಖಚಿತವಾದ 259 ಕುಟುಂಬಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸಾಮಾನ್ಯ ಆರೋಗ್ಯ ಸಲಹೆ ಮಾತ್ರ, ಇನ್ನೊಂದಕ್ಕೆ ಕೈ ತೊಳೆಯುವ ಕ್ರಮ, ಮತ್ತೊಂದಕ್ಕೆ ಕೈ ತೊಳೆಯುವುದರ ಜೊತೆಗೆ ಮನೆಯವರೆಲ್ಲ ಮಾಸ್ಕ್ ಹಾಕಿಕೊಳ್ಳುವ ಕ್ರಮ. 2009ರಲ್ಲಿ ಪ್ರಕಟವಾದ ಫಲಿತಾಂಶವನ್ನು ಒಟ್ಟಾಗಿ ನೋಡಿದರೆ ಗುಂಪುಗಳ ನಡುವೆ ಖಚಿತವೆನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ರೋಗಿಗೆ ಲಕ್ಷಣ ಶುರುವಾದ 36 ಗಂಟೆಯೊಳಗೆ ಕ್ರಮ ಆರಂಭಿಸಿದ ಮನೆಗಳನ್ನಷ್ಟೇ ಲೆಕ್ಕ ಹಾಕಿದಾಗ, ಮಾಸ್ಕ್ ಮತ್ತು ಕೈತೊಳೆತ ಎರಡನ್ನೂ ಪಾಲಿಸಿದ ಮನೆಗಳಲ್ಲಿ ಸೋಂಕು ಸ್ಪಷ್ಟವಾಗಿ ಕಡಿಮೆಯಿತ್ತು.

ಬ್ಯಾಂಕಾಕ್‌ನಲ್ಲಿ ಇಂಥದ್ದೇ ಇನ್ನೊಂದು ಪರೀಕ್ಷೆ ನಡೆಯಿತು. ಅಲ್ಲಿ ರೋಗಿಗಳು ಮಕ್ಕಳು. ಮಾಸ್ಕ್ ಕೊಟ್ಟರು, ಕೈ ತೊಳೆಯುವುದನ್ನು ಕಲಿಸಿದರು. ಮನೆಯೊಳಗಿನ ಹರಡುವಿಕೆ ಮಾತ್ರ ತಗ್ಗಲಿಲ್ಲ. ಅದಕ್ಕೆ ಸಂಶೋಧಕರು ಕೊಟ್ಟ ವಿವರಣೆಗಳಲ್ಲಿ ಒಂದು ಭಾರತೀಯ ಮನೆಗಳಿಗೂ ಒಪ್ಪುತ್ತದೆ: ಕಾಯಿಲೆಯ ಮಕ್ಕಳಲ್ಲಿ ಹೆಚ್ಚಿನವರು ರಾತ್ರಿ ತಂದೆತಾಯಿಯ ಕೋಣೆಯಲ್ಲೇ ಮಲಗುತ್ತಿದ್ದರು.

ಈ ಎರಡನ್ನೂ ಒಟ್ಟಿಗೆ ಓದಿದರೆ ಮನೆಯವರು ಮಾಡಬೇಕಾದ ಕೆಲಸದ ಕ್ರಮ ಹೊಳೆಯುತ್ತದೆ. ಎರಡನೇ ದಿನ ರಕ್ತಪರೀಕ್ಷೆಯ ವರದಿ ಬರಲಿ, ಮೂರನೇ ದಿನ ನೋಡೋಣ ಎಂದು ಕಾದರೆ ಹೊತ್ತು ಮೀರಿರುತ್ತದೆ. ಫ್ಲೂ ವೈರಾಣು ಲಕ್ಷಣ ಕಾಣುವ ಒಂದು ದಿನ ಮೊದಲೇ ಹೊರಬೀಳಲು ಶುರುವಾಗಿ, ಕಾಯಿಲೆಯ ಮೊದಲ ಮೂರು ದಿನ ಜೋರಾಗಿದ್ದು, ಐದರಿಂದ ಏಳು ದಿನದಲ್ಲಿ ಇಳಿಯುತ್ತದೆ. ಮಕ್ಕಳಲ್ಲಿ ಇನ್ನೂ ಕೆಲವು ದಿನ ಮುಂದುವರಿಯಬಹುದು. ಹಾಗಾಗಿ ಮೊದಲ ಸಂಜೆಯೇ ಬೇರೆ ಮಾಡಬೇಕಾದದ್ದು ಹಾಸಿಗೆಯನ್ನು. ಮಿಕ್ಕದ್ದೆಲ್ಲ ಆಮೇಲೆ.

ಖಚಿತವಾಗಿ ಫ್ಲೂ ಎಂದು ತಿಳಿಯುವ ತನಕ ಕಾಯಬೇಕಿಲ್ಲ. ಫ್ಲೂ ಸಾಮಾನ್ಯವಾಗಿ ಹಠಾತ್ತನೆ ಬರುತ್ತದೆ: ಬೆಳಿಗ್ಗೆ ಚೆನ್ನಾಗಿದ್ದವರಿಗೆ ಸಂಜೆಗೆ ಚಳಿ, ಜೋರು ಜ್ವರ, ತಲೆನೋವು, ಮೈಕೈ ನೋವು, ಒಣಕೆಮ್ಮು, ಏಳಲಾರದಷ್ಟು ಸುಸ್ತು. ಬರೀ ನೆಗಡಿಯಲ್ಲಿ ಮೂಗು ಮೊದಲು ಸೋರುತ್ತದೆ, ಜ್ವರ ಅಷ್ಟಾಗಿ ಏರುವುದಿಲ್ಲ. ಮಳೆಗಾಲದಲ್ಲಿ ಡೆಂಗಿಯೂ ಜೊತೆಗಿರುವುದರಿಂದ ಕೆಮ್ಮು ಗಂಟಲುನೋವು ಇಲ್ಲದೆ ಬರೀ ಜೋರು ಜ್ವರ, ಕಣ್ಣಿನ ಹಿಂದೆ ನೋವು ಇದ್ದರೆ ವೈದ್ಯರಿಗೆ ಅದನ್ನು ಬಿಡಿಸಿ ಹೇಳಬೇಕು. ಯಾವುದೆಂದು ತಿಳಿಯದಿದ್ದರೂ ಕೆಮ್ಮು ಮತ್ತು ಜ್ವರ ಒಟ್ಟಿಗಿದ್ದರೆ ಅಜ್ಜಿಯ ಹಾಸಿಗೆ ಬೇರೆಯಾಗಲಿ. ತಪ್ಪಿ ಅದು ಬರೀ ನೆಗಡಿಯಾದರೂ ನಷ್ಟವೇನಿಲ್ಲ.

ಒಂದು ಮನೆ, ಆರು ಜನ

ಮೈಸೂರಿನಂಥ ಊರಿನ ಒಂದು ಸಾಧಾರಣ ಮನೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಹಾಲ್, ಎರಡು ಕೋಣೆ, ಅಡುಗೆಮನೆ, ಎಲ್ಲರಿಗೂ ಸೇರಿ ಒಂದೇ ಬಚ್ಚಲುಮನೆ. ಒಂದು ಕೋಣೆಯಲ್ಲಿ ಅಪ್ಪ, ಅಮ್ಮ ಮತ್ತು ನಾಲ್ಕು ತಿಂಗಳ ಕೂಸು. ಇನ್ನೊಂದರಲ್ಲಿ ಶುಗರ್ ಮತ್ತು ಬಿಪಿ ಇರುವ 72 ವರ್ಷದ ಅಜ್ಜ, 68ರ ಅಜ್ಜಿ. ಅಜ್ಜಿಯ ಪಕ್ಕದಲ್ಲಿ ಮೂರನೇ ತರಗತಿಯ ಮೊಮ್ಮಗಳು. ಸೋಮವಾರ ಮಧ್ಯಾಹ್ನ ಹುಡುಗಿ ಶಾಲೆಯಿಂದ 102 ಡಿಗ್ರಿ ಜ್ವರ ಹೊತ್ತು ಬರುತ್ತಾಳೆ. ತರಗತಿಯಲ್ಲಿ ಇನ್ನೂ ನಾಲ್ಕು ಮಕ್ಕಳು ಕೆಮ್ಮುತ್ತಿದ್ದಾರೆ.

ಹುಡುಗಿಯನ್ನು ಹಾಲ್‌ನ ದಿವಾನದ ಮೇಲೆ ಮಲಗಿಸುವುದು ಸುಲಭವೆನಿಸುತ್ತದೆ. ಟಿ.ವಿ. ಇದೆ, ಅಡುಗೆಮನೆಯಿಂದ ಅಮ್ಮನಿಗೆ ಕಾಣುತ್ತಾಳೆ. ಆದರೆ ಹಾಲ್ ಮನೆಯ ಎಲ್ಲರೂ ಓಡಾಡುವ, ಅಜ್ಜ ದಿನವಿಡೀ ಕೂರುವ ಜಾಗ. ರೋಗಿಗೆ ಬೇಕಾದದ್ದು ಬಾಗಿಲು ಹಾಕಬಹುದಾದ, ಹೊರಗಿನ ಗಾಳಿಗೆ ತೆರೆಯುವ ಕಿಟಕಿಯಿರುವ ಕೋಣೆ. ಆದ್ದರಿಂದ ಈ ಮನೆಯಲ್ಲಿ ಜಾಗ ಬಿಡಬೇಕಾದವರು ಅಜ್ಜ ಅಜ್ಜಿ. ಅವರ ಹಾಸಿಗೆ ಹೊದಿಕೆ, ಮಾತ್ರೆ ಡಬ್ಬಿ, ಕನ್ನಡಕ, ಊರುಗೋಲು ಎಲ್ಲ ಆ ಸಂಜೆಯೇ ಹಾಲ್‌ಗೆ ಬರಬೇಕು. ರಾತ್ರಿ ಒಂದೊಂದೇ ಸಾಮಾನಿಗಾಗಿ ಅವರು ರೋಗಿಯ ಕೋಣೆಗೆ ಹೋಗುವಂತಾಗಬಾರದು. ಹುಡುಗಿ ಆ ಕೋಣೆಯಲ್ಲೇ ಉಳಿಯುತ್ತಾಳೆ. ಅಮ್ಮ ಮತ್ತು ಕೂಸು ತಮ್ಮ ಕೋಣೆಯಲ್ಲಿ.

ಇನ್ನು ಹುಡುಗಿಯ ಜೊತೆ ಯಾರು? ಎಂಟು ವರ್ಷದ ಮಗುವನ್ನು ಜ್ವರದಲ್ಲಿ ಒಂಟಿಯಾಗಿ ಬಿಡಲಾಗದು. ರೂಢಿಯಂತೆ ಅಮ್ಮನೇ ಎರಡೂ ಕಡೆ ಓಡಾಡುತ್ತಾಳೆ: ಹುಡುಗಿಗೆ ಔಷಧಿ ಕುಡಿಸಿ ಬಂದು ಕೂಸಿಗೆ ಹಾಲು ಕೊಡುತ್ತಾಳೆ, ಅದರ ನಡುವೆ ಅತ್ತೆಗೆ ಕಾಫಿ. ಹೀಗಾದರೆ ಬೇರೆ ಮಾಡಿದ ಮೂರು ಹಾಸಿಗೆಗಳನ್ನೂ ಅಮ್ಮನೇ ಜೋಡಿಸಿದಂತಾಗುತ್ತದೆ. ಈ ಮನೆಯಲ್ಲಿ ಶುಶ್ರೂಷೆ ಅಪ್ಪನ ಪಾಲಿಗೆ ಬರಬೇಕು. ಕನಿಷ್ಠ ಮೊದಲ ಮೂರು ದಿನ ಅವನು ಕೆಲಸಕ್ಕೆ ರಜೆ ಹಾಕಬೇಕು. ಆರೋಗ್ಯವಾಗಿರುವ, ಗರ್ಭಿಣಿಯಲ್ಲದ, ಹಾಲೂಡಿಸದ, ಹಳೆಯ ಕಾಯಿಲೆಗಳಿಲ್ಲದ ಒಬ್ಬರೇ ರೋಗಿಯನ್ನು ನೋಡಿಕೊಳ್ಳಬೇಕೆಂಬುದು ಇಲ್ಲಿನ ನಿಯಮ.

ಅಪ್ಪ ಅದೇ ಕೋಣೆಯಲ್ಲಿ ಮಲಗುತ್ತಾನೆ, ಆದರೆ ಹಾಸಿಗೆ ಆರು ಅಡಿ ದೂರ, ಕಿಟಕಿಯ ಕಡೆಗೆ. ಹುಡುಗಿಯ ತಲೆ ಒಂದು ದಿಕ್ಕಿಗಿದ್ದರೆ ಅವನ ತಲೆ ಇನ್ನೊಂದಕ್ಕೆ. ಕೋಣೆಯಲ್ಲಿ ಎಚ್ಚರವಿರುವಷ್ಟು ಹೊತ್ತು ಮೂಗು ಬಾಯಿಗೆ ಒತ್ತಿ ಕೂರುವ ಎನ್‌95 ಮಾಸ್ಕ್ ಅವನಿಗೆ. ಹುಡುಗಿ ಬಚ್ಚಲಿಗೆ ಹೋಗುವಾಗ, ಅಪ್ಪ ಹತ್ತಿರ ಬಂದಾಗ ಮೂರು ಪದರದ ಸರ್ಜಿಕಲ್ ಮಾಸ್ಕ್ ಅವಳಿಗೆ. ಜ್ವರದಲ್ಲಿ ನಿದ್ದೆ ಹೋದ ಮಗುವಿಗೆ ಮಾಸ್ಕ್ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಯಾವ ಸಂದರ್ಭದಲ್ಲೂ ಬೇಡ, ಉಸಿರು ಕಟ್ಟುವ ಅಪಾಯವಿದೆ.

ಅಪ್ಪನಿಗೆ ಲಕ್ಷಣ ಕಾಣದಿದ್ದರೂ ಅವನನ್ನು ಸೋಂಕು ತಗುಲಿರಬಹುದಾದವನು ಎಂದೇ ಲೆಕ್ಕ ಹಾಕಬೇಕು. ಆ ವಾರ ಕೂಸನ್ನು ಎತ್ತಿಕೊಳ್ಳಬಾರದು, ಅಜ್ಜನ ಪಕ್ಕ ಕೂತು ಊಟ ಮಾಡಬಾರದು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಒಂದರಿಂದ ನಾಲ್ಕು ದಿನ ಬೇಕು. ಅಜ್ಜಿಗೂ ಇದೇ ಲೆಕ್ಕ. ಭಾನುವಾರ ರಾತ್ರಿ ಹುಡುಗಿ ಅವರ ಪಕ್ಕದಲ್ಲೇ ಮಲಗಿದ್ದಳು, ಆಗಲೇ ವೈರಾಣು ಹೊರಬೀಳುತ್ತಿದ್ದಿರಬಹುದು. ಗುರುವಾರದವರೆಗೂ ಅಜ್ಜಿಯ ಮೇಲೆ ಕಣ್ಣಿರಬೇಕು. ಆ ದಿನಗಳಲ್ಲಿ ಅವರು ಕೂಸಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸುವ ಕೆಲಸವನ್ನೂ ಬಿಡುವುದು ಒಳ್ಳೆಯದು. ಇದೇ ಕಾರಣಕ್ಕೆ ಅಜ್ಜ ಅಜ್ಜಿಯನ್ನು ತರಾತುರಿಯಲ್ಲಿ ಮಗಳ ಮನೆಗೆ ಕಳಿಸುವುದೂ ಸರಿಯಲ್ಲ. ಅವರೊಂದಿಗೆ ಸೋಂಕೂ ಹೋಗಿ ಆ ಮನೆಯ ಕೂಸನ್ನೋ ಹಿರಿಯರನ್ನೋ ತಲುಪಬಹುದು.

ಗಾಳಿ ಯಾವ ಕಡೆ ಹೋಗುತ್ತಿದೆ?

1977ರಲ್ಲಿ ಅಮೆರಿಕದ ಅಲಾಸ್ಕದಲ್ಲಿ 54 ಜನರಿದ್ದ ವಿಮಾನವೊಂದು ಎಂಜಿನ್ ಕೆಟ್ಟು ನೆಲದ ಮೇಲೆಯೇ ಮೂರು ಗಂಟೆ ನಿಂತಿತ್ತು. ಅಷ್ಟು ಹೊತ್ತು ಗಾಳಿಯಾಡಿಸುವ ವ್ಯವಸ್ಥೆ ನಡೆಯುತ್ತಿರಲಿಲ್ಲ. ಒಳಗಿದ್ದವರಲ್ಲಿ ಒಬ್ಬರಿಗೆ ಫ್ಲೂ ಇತ್ತು. ಮೂರು ದಿನದೊಳಗೆ ನೂರಕ್ಕೆ 72 ಮಂದಿ ಕಾಯಿಲೆ ಬಿದ್ದರು. ಕೆಮ್ಮಿದಾಗ ಸಿಡಿಯುವ ದೊಡ್ಡ ಹನಿಗಳು ಮೂರು ನಾಲ್ಕು ಅಡಿಯೊಳಗೆ ಕೆಳಗೆ ಬೀಳುತ್ತವೆ. ಆದರೆ ಮಾತು, ಉಸಿರಿನ ಜೊತೆ ಬರುವ ಅತಿ ಸಣ್ಣ ಕಣಗಳು ಮುಚ್ಚಿದ ಜಾಗದಲ್ಲಿ ತೇಲುತ್ತ ಉಳಿಯುತ್ತವೆ. ಕಿಟಕಿ ತೆರೆದರೆ ಅವು ತೆಳುವಾಗಿ ಹೊರಗೆ ಹೋಗುತ್ತವೆ.

ಹುಡುಗಿಯ ಕೋಣೆಯ ಕಿಟಕಿ ತೆರೆದಿರಬೇಕು, ಬಾಗಿಲು ಮುಚ್ಚಿರಬೇಕು. ಕಿಟಕಿ ಮುಚ್ಚಿ ಸೀಲಿಂಗ್ ಫ್ಯಾನ್ ಹಾಕಿದರೆ ಅದೇ ಗಾಳಿ ಸುತ್ತುತ್ತದೆ. ಗೋಡೆಗೆ ಕೂರಿಸಿದ ಎ.ಸಿ.ಯೂ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿ ಬಿಡುತ್ತದೆ. ಟೇಬಲ್ ಫ್ಯಾನ್ ಇದ್ದರೆ ಅದನ್ನು ಕಿಟಕಿಯ ಬಳಿ ಹೊರಗಡೆಗೆ ಮುಖ ಮಾಡಿ ಇಡಬೇಕು. ಆಗ ಕೋಣೆಯ ಗಾಳಿ ಹೊರಕ್ಕೆ ಹೋಗಿ, ಹಾಲ್‌ನ ಗಾಳಿ ಬಾಗಿಲ ಸಂದಿಯಿಂದ ಕೋಣೆಯ ಕಡೆಗೆ ಹರಿಯುತ್ತದೆ. ಸರಿಯಾಗಿದೆಯೇ ಎಂದು ತಿಳಿಯಲು ಹೊತ್ತಿಸಿದ ಒಂದು ಊದುಬತ್ತಿಯನ್ನು ಕೋಣೆಯ ಬಾಗಿಲ ಸಂದಿಗೆ ಅರೆನಿಮಿಷ ಹಿಡಿದು ನೋಡಿದರೆ ಸಾಕು. ಹೊಗೆ ರೋಗಿಯ ಕೋಣೆಯೊಳಕ್ಕೆ ಎಳೆದುಕೊಂಡರೆ ಗಾಳಿಯ ದಿಕ್ಕು ಸರಿ. ಹಾಲ್ ಕಡೆಗೆ ಬಂದರೆ ಅಜ್ಜ ಅಜ್ಜಿ ಮಲಗಿರುವ ಕಡೆಗೇ ರೋಗಿಯ ಗಾಳಿಯೂ ಬರುತ್ತಿದೆ ಎಂದರ್ಥ. ಆಗ ಫ್ಯಾನಿನ ಜಾಗ ಬದಲಿಸಬೇಕು, ಹಾಲ್‌ನ ಕಿಟಕಿಗಳನ್ನೂ ತೆರೆಯಬೇಕು.

ಸಂಜೆಯಾದರೆ ಸೊಳ್ಳೆ, ಮಳೆ ಬಂದರೆ ಎರಚಲು. ನಮ್ಮ ಮನೆಗಳಲ್ಲಿ ಕಿಟಕಿ ಮುಚ್ಚಲು ಈ ಎರಡೇ ಮುಖ್ಯ ಕಾರಣ. ಕಿಟಕಿಗೆ ಜಾಲರಿ ಇಲ್ಲದಿದ್ದರೆ ಹಾಸಿಗೆಗೆ ಸೊಳ್ಳೆಪರದೆ ಕಟ್ಟಿ ಕಿಟಕಿಯನ್ನು ತೆರೆದಿಡಬಹುದು. ಎರಚಲು ಹೆಚ್ಚಾದರೆ ನಾಲ್ಕು ಬೆರಳಷ್ಟು ಸಂದಿಯಾದರೂ ಉಳಿಸಬೇಕು.

ಬಾಣಂತಿ ಕೋಣೆಯ ಪದ್ಧತಿ ಇಲ್ಲಿ ತೊಡಕಾಗುತ್ತದೆ. ಶೀತವಾಗುತ್ತದೆಂದು ಕಿಟಕಿ ಬಾಗಿಲು ಭದ್ರಮಾಡಿ, ಕೂಸಿನ ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಾಕುವ ಮನೆಗಳು ಬಹಳ. ಕೂಸಿನ ಮೈ ಬೆಚ್ಚಗಿರಬೇಕು ನಿಜ. ಅದಕ್ಕೆ ಟೊಪ್ಪಿ, ಹೊದಿಕೆ ಸಾಕು. ಗಾಳಿಯಾಡದ ಕೋಣೆಯಲ್ಲಿ ಯಾರ ಕೆಮ್ಮಿನ ಕಣವೂ ಹೊರಗೆ ಹೋಗುವುದಿಲ್ಲ, ಸಾಂಬ್ರಾಣಿ ಹೊಗೆ ವೈರಾಣುವನ್ನು ಕೊಲ್ಲುವುದೂ ಇಲ್ಲ. ಎಳೆಯ ಶ್ವಾಸನಾಳವನ್ನು ಅದು ಕೆರಳಿಸುತ್ತದೆ. ಮನೆಯಲ್ಲಿ ಫ್ಲೂ ಇರುವಷ್ಟು ದಿನವಾದರೂ ಈ ಹೊಗೆ ನಿಲ್ಲಬೇಕು.

ಒಂದೇ ಬಚ್ಚಲುಮನೆಯಿದ್ದಾಗ ಸರದಿ ಮುಖ್ಯ. ಬೆಳಿಗ್ಗೆ ಮಿಕ್ಕವರೆಲ್ಲ ಮುಗಿಸಿದ ಮೇಲೆ ಹುಡುಗಿ ಹೋಗಲಿ; ಅವಳು ಬಂದ ಮೇಲೆ ನಲ್ಲಿ, ಚಿಲಕ, ಫ್ಲಶ್ ಗುಂಡಿಯನ್ನು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕಿಟಕಿ ತೆರೆದು ಅರ್ಧ ಗಂಟೆ ಬಿಡಲಿ. ಅವಳ ಟವೆಲ್, ಬ್ರಶ್ ಕೋಣೆಯಲ್ಲೇ ಇರಲಿ. ಉಕ್ಕು, ಪ್ಲಾಸ್ಟಿಕ್‌ನಂಥ ಗಟ್ಟಿ ಮೇಲ್ಮೈಗಳ ಮೇಲೆ ಫ್ಲೂ ವೈರಾಣು ಒಂದೆರಡು ದಿನ ಉಳಿಯಬಲ್ಲದು. ಚಿಲಕ, ಸ್ವಿಚ್, ರಿಮೋಟ್, ಮೊಬೈಲ್ ಒರೆಸಬೇಕಾದದ್ದು ಅದಕ್ಕೇ. ತಟ್ಟೆ ಲೋಟ ಎಂದಿನ ಸೋಪಿನಲ್ಲಿ ತೊಳೆದರೆ ಸಾಕು, ಎಸೆಯಬೇಕಿಲ್ಲ. ಬಟ್ಟೆಯನ್ನು ಕೊಡವದೆ ಒಯ್ದು, ಎಂದಿನಂತೆ ಪುಡಿ ಹಾಕಿ ಒಗೆದು ಬಿಸಿಲಿಗೆ ಹಾಕಬಹುದು. ಕೋಣೆಯಿಂದ ಹೊರಬಂದ ಪ್ರತಿ ಸಲವೂ ಅಪ್ಪ ಸೋಪು ಹಚ್ಚಿ 20 ಸೆಕೆಂಡ್ ಕೈ ಉಜ್ಜಬೇಕು.

ಮನೆ ಒಂದೇ ಕೋಣೆಯದಾದರೆ

ಎಲ್ಲರಿಗೂ ಎರಡು ಕೋಣೆಯ ಮನೆ ಇರುವುದಿಲ್ಲ. ಒಂದೇ ಕೋಣೆ ಮತ್ತು ಅಡುಗೆ ಮೂಲೆಯ ಮನೆಯಲ್ಲಿಯೂ ಸಾಲು ಬದಲಿಸಬಹುದು. ರೋಗಿಯ ಚಾಪೆ ಕಿಟಕಿ ಅಥವಾ ಬಾಗಿಲ ಬಳಿ, ಗಾಳಿ ಹೊರಗೆ ಹೋಗುವ ಕಡೆ. ಅಜ್ಜಿ ಮತ್ತು ಕೂಸು ಎದುರು ಮೂಲೆಯಲ್ಲಿ. ನಡುವೆ ಆರೋಗ್ಯವಂತ ದೊಡ್ಡವರು. ಒಬ್ಬರ ತಲೆ ಇನ್ನೊಬ್ಬರ ಕಾಲಿನ ಕಡೆಗೆ. ಹಗಲು ಮಳೆಯಿಲ್ಲದಿದ್ದರೆ ಜಗಲಿಯೋ ವರಾಂಡವೋ ಅಜ್ಜನಿಗೆ. ಇಂಥ ಮನೆಯಲ್ಲಿ ಮಾಸ್ಕ್‌ನ ಕೆಲಸ ಹೆಚ್ಚು: ಮೊದಲ ಮೂರು ದಿನ ಎಚ್ಚರವಿರುವಾಗ ರೋಗಿಯೂ ಮನೆಯ ದೊಡ್ಡವರೂ ಹಾಕಿಕೊಳ್ಳಬೇಕು.

ಹಾಲೂಡಿಸುವ ತಾಯಿಗೇ ಬಂದರೆ

ಬುಧವಾರ ಅಮ್ಮನಿಗೂ ಮೈಕೈ ನೋವು ಶುರುವಾಯಿತೆಂದುಕೊಳ್ಳೋಣ. ತಕ್ಷಣ ಹಾಲು ಬಿಡಿಸಿ ಪುಡಿ ಹಾಲು ಕೊಡುವುದು ಮನೆಯವರಿಗೆ ಹೊಳೆಯುವ ದಾರಿ, ಆದರೆ ಅದು ತಪ್ಪು. ಫ್ಲೂ ತಾಯಿಯ ಹಾಲಿನಿಂದ ಹರಡುವುದಿಲ್ಲ, ಉಸಿರಿನಿಂದ ಮತ್ತು ಕೈಯಿಂದ ಹರಡುತ್ತದೆ. ತಾಯಿಯ ದೇಹ ತಯಾರಿಸುವ ಪ್ರತಿಕಾಯಗಳು ಆ ಹಾಲಿನಲ್ಲಿಯೇ ಕೂಸಿಗೆ ಸಿಗುತ್ತವೆ.

ಅಮ್ಮ ಕೈ ತೊಳೆದು, ಮಾಸ್ಕ್ ಹಾಕಿ, ಕೆಮ್ಮು ಬಂದಾಗ ಮುಖ ಅತ್ತ ತಿರುಗಿಸಿ ಹಾಲೂಡಿಸಬಹುದು. ಹಾಲು ಕುಡಿದ ಮೇಲೆ ಕೂಸು ಆರು ಅಡಿ ದೂರದ ತೊಟ್ಟಿಲಿಗೆ ಅಥವಾ ಆರೋಗ್ಯವಾಗಿರುವ ಬೇರೊಬ್ಬರ ಕೈಗೆ ಹೋಗಬೇಕು. ಸುಸ್ತು ಹೆಚ್ಚಿದ್ದರೆ ಕೈ ತೊಳೆದು ಹಾಲನ್ನು ಶುಚಿಯಾದ ಬಟ್ಟಲಿಗೆ ಹಿಂಡಿ, ಬೇರೊಬ್ಬರು ಒಳಲೆಯಿಂದಲೋ ಚಮಚದಿಂದಲೋ ಕುಡಿಸಬಹುದು. ಹೆರಿಗೆಯಾಗಿ ಎರಡು ವಾರದೊಳಗಿದ್ದರೆ ತಾಯಿಗೂ ಅಪಾಯ ಹೆಚ್ಚು. ಅಂಥವರು ಕಾಯದೆ ವೈದ್ಯರನ್ನು ಕಾಣಬೇಕು.

ಆರು ತಿಂಗಳಾಗದ ಕೂಸಿಗೆ ಎದೆಹಾಲಿನ ಹೊರತು ಏನೂ ಬೇಡ. ಕೆಮ್ಮಿಗೆಂದು ತುಳಸಿ ರಸ, ಜೇನುತುಪ್ಪ ನೆಕ್ಕಿಸುವ ರೂಢಿ ಈಗಲೂ ಇದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ಮಾಂಸಖಂಡಗಳನ್ನು ಸೋಲಿಸುವ ವಿಷ ಉಂಟುಮಾಡುತ್ತದೆ. ಮೂಗಿಗೆ, ಎದೆಗೆ ಕರ್ಪೂರ ಹಚ್ಚುವುದೂ ಕೂಸಿಗೆ ಅಪಾಯ.

ವೈದ್ಯರಿಗೆ ಹೇಳಬೇಕಾದ ಮಾತು

2009ರಲ್ಲಿ ಎಚ್1ಎನ್1 ಬಂದಾಗ ಕೇಂದ್ರ ಆರೋಗ್ಯ ಇಲಾಖೆ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಆ ಕ್ರಮ ಇಂದಿಗೂ ಬಳಕೆಯಲ್ಲಿದೆ. ಸಣ್ಣ ಜ್ವರ, ಕೆಮ್ಮು, ಗಂಟಲುನೋವು ಮಾತ್ರ ಇದ್ದರೆ ಎ: ಮನೆಯಲ್ಲೇ ಬೇರೆ ಇರಬೇಕು, ಪರೀಕ್ಷೆ ಬೇಡ, ಒಂದೆರಡು ದಿನದಲ್ಲಿ ವೈದ್ಯರು ಮತ್ತೆ ನೋಡುತ್ತಾರೆ. ಜೋರು ಜ್ವರ, ತೀವ್ರ ಗಂಟಲುನೋವು ಇದ್ದರೆ ಬಿ. ಲಕ್ಷಣ ಸಣ್ಣದಾಗಿದ್ದರೂ ರೋಗಿ ಚಿಕ್ಕ ಮಗು, ಗರ್ಭಿಣಿ, 65 ದಾಟಿದವರು ಅಥವಾ ಶುಗರ್, ಹೃದಯ, ಶ್ವಾಸಕೋಶ, ಮೂತ್ರಪಿಂಡದ ಕಾಯಿಲೆಯವರಾಗಿದ್ದರೆ ಅವರೂ ಬಿ ಗುಂಪಿಗೇ ಸೇರುತ್ತಾರೆ, ಅವರಿಗೆ ಒಸೆಲ್ಟಮಿವಿರ್ ಎಂಬ ವೈರಾಣು ನಿರೋಧಕ ಔಷಧ ಕೊಡಬೇಕಾಗುತ್ತದೆ. ಉಸಿರಾಟದ ತೊಂದರೆ, ಎದೆನೋವು, ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು ಕಂಡರೆ ಸಿ: ಕೂಡಲೇ ಆಸ್ಪತ್ರೆ.

ಒಸೆಲ್ಟಮಿವಿರ್ ಹೆಚ್ಚು ಉಪಯೋಗಕ್ಕೆ ಬರುವುದು ಲಕ್ಷಣ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ. ಆದ್ದರಿಂದ ಅಜ್ಜನಿಗೆ ಜ್ವರ ಬಂದ ಮೇಲೆ ಎರಡು ದಿನ ಕಷಾಯ ಕುಡಿಸಿ ಕಾದರೆ ಆ ಅವಕಾಶ ಕಳೆದುಹೋಗುತ್ತದೆ. ಮೊಮ್ಮಗಳನ್ನು ತೋರಿಸಲು ಸೋಮವಾರ ಹೋದಾಗಲೇ ಅಪ್ಪ ವೈದ್ಯರಿಗೆ ಹೇಳಬೇಕು: ಮನೆಯಲ್ಲಿ ನಾಲ್ಕು ತಿಂಗಳ ಕೂಸಿದೆ, ಶುಗರ್ ಇರುವ 72 ವರ್ಷದ ತಂದೆ ಇದ್ದಾರೆ. ಕಾಯಿಲೆ ಬರುವ ಮೊದಲೇ ಅಜ್ಜನಿಗೆ ಇದೇ ಔಷಧವನ್ನು ದಿನಕ್ಕೊಂದರಂತೆ ಕೆಲವು ದಿನ ಕೊಡಬೇಕೇ ಎಂದು ವೈದ್ಯರು ಆಗ ನಿರ್ಧರಿಸಬಲ್ಲರು. ಮೂತ್ರಪಿಂಡದ ಸ್ಥಿತಿ ನೋಡಿ ಪ್ರಮಾಣ ಬದಲಾಗುವುದರಿಂದ ಇದು ಅಂಗಡಿಯಿಂದ ತಾವೇ ಕೊಂಡು ನುಂಗುವ ಮಾತ್ರೆಯಲ್ಲ. ಮೂರು ತಿಂಗಳೊಳಗಿನ ಕೂಸುಗಳಿಗೆ ಇದನ್ನು ಮುಂಜಾಗ್ರತೆಯಾಗಿ ಸಾಮಾನ್ಯವಾಗಿ ಕೊಡುವುದಿಲ್ಲ. ಅಂಥ ಕೂಸಿಗೆ ಇರುವ ರಕ್ಷಣೆ ದೂರ ಮತ್ತು ಗಾಳಿ.

ಆ್ಯಂಟಿಬಯಾಟಿಕ್ ವೈರಾಣುವಿನ ಮೇಲೆ ಕೆಲಸ ಮಾಡದು. 2023ರ ಎಚ್3ಎನ್2 ಅಲೆಯಲ್ಲಿ ಭಾರತೀಯ ವೈದ್ಯಕೀಯ ಸಂಘ ಜ್ವರ ಕೆಮ್ಮಿಗೆಲ್ಲ ಆ್ಯಂಟಿಬಯಾಟಿಕ್ ಬರೆಯಬೇಡಿ ಎಂದು ವೈದ್ಯರನ್ನೇ ಕೇಳಿಕೊಂಡಿತ್ತು. ಜ್ವರಕ್ಕೆ ಪ್ಯಾರಾಸಿಟಮಾಲ್, ಮಗುವಿಗಾದರೆ ತೂಕ ನೋಡಿ ವೈದ್ಯರು ಹೇಳಿದಷ್ಟು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು: ಫ್ಲೂ ಜೊತೆಗೆ ಅದು ಸೇರಿದರೆ ಮೆದುಳು ಮತ್ತು ಯಕೃತ್ತನ್ನು ಕೆಡಿಸುವ ಅಪರೂಪದ, ಮಾರಕ ಸ್ಥಿತಿ ಉಂಟಾಗಬಹುದು. ಹೃದಯಕ್ಕೆಂದು ದಿನವೂ ಆಸ್ಪಿರಿನ್ ನುಂಗುವ ಅಜ್ಜ ಮಾತ್ರ ಅದನ್ನು ತಾವಾಗಿಯೇ ನಿಲ್ಲಿಸಬಾರದು.

ಅಜ್ಜನ ಜ್ವರ, ಕೂಸಿನ ಜ್ವರ

ವಯಸ್ಸಾದವರಲ್ಲಿ ಫ್ಲೂ ಬೇರೆ ರೂಪದಲ್ಲಿ ಬರುತ್ತದೆ, ಮನೆಯವರು ಮೋಸಹೋಗುವುದು ಇಲ್ಲಿಯೇ. ಜ್ವರ ಏರದೆ ಇರಬಹುದು. ಊಟ ಬೇಡವೆನ್ನುತ್ತಾರೆ, ಇಡೀ ದಿನ ಮಲಗಿರುತ್ತಾರೆ, ಮಾತು ತಡವರಿಸುತ್ತದೆ, ಇವತ್ತು ಯಾವ ದಿನವೆಂದು ಗೊತ್ತಾಗುವುದಿಲ್ಲ, ಬಚ್ಚಲಿಗೆ ಹೋಗುವಾಗ ಕಾಲು ಸೋತು ಬೀಳುತ್ತಾರೆ. ವಯಸ್ಸಾಯಿತಲ್ಲ ಎಂದುಕೊಂಡು ಸುಮ್ಮನಾಗುವ ಹೊತ್ತು ಇದಲ್ಲ. ಆ ವಾರ ಬೆಳಿಗ್ಗೆ ಸಂಜೆ ಅಜ್ಜ ಅಜ್ಜಿಯ ಜ್ವರ ನೋಡಿ, ಆಕ್ಸಿಮೀಟರ್ ಇದ್ದರೆ ಬೆರಳಿಗೆ ಹಾಕಿ ಬರೆದಿಡಬೇಕು. ಕೂತಿರುವಾಗ ಆಮ್ಲಜನಕದ ಅಂಕಿ 94ಕ್ಕಿಂತ ಕೆಳಗಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಶುಗರ್ ಮಟ್ಟವೂ ಕಾಯಿಲೆಯಲ್ಲಿ ಏರುಪೇರಾಗುತ್ತದೆ.

ಅಪಾಯ ಶ್ವಾಸಕೋಶಕ್ಕಷ್ಟೇ ಅಲ್ಲ. ಕೆನಡಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಬೇರೆ ದಿನಗಳಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಫ್ಲೂ ಬಂದ ಹಿರಿಯರು ಎದೆ ಹಿಡಿದಂತಾಗುತ್ತಿದೆ ಎಂದರೆ ಅದು ಕೆಮ್ಮಿ ಕೆಮ್ಮಿ ಬಂದ ನೋವೆಂದು ಊಹಿಸದೆ 108ಕ್ಕೆ ಕರೆ ಮಾಡಬೇಕು.

ಕೂಸಿನ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಅಥವಾ ಹೆಚ್ಚು ಜ್ವರ ಕಂಡರೆ ಔಷಧಿ ಕೊಟ್ಟು ನೋಡುವ ಮಾತಿಲ್ಲ, ನೇರ ಆಸ್ಪತ್ರೆಗೆ. ದೊಡ್ಡ ಕೂಸಾದರೆ ಹಾಲು ಎಳೆಯದಿರುವುದು, ಎಬ್ಬಿಸಿದರೂ ಏಳದ ಮಂಪರು, ಎಂಟು ಗಂಟೆ ಮೂತ್ರ ಹೋಗದಿರುವುದು ಅಪಾಯದ ಗುರುತು. ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ ಒಂದು ಪೂರ್ತಿ ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳ ಕೂಸಿಗೆ 50 ಮುಟ್ಟಿದರೆ ಉಸಿರು ಹೆಚ್ಚು ವೇಗವಾಗಿದೆ ಎಂದರ್ಥ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಗುಳಿ ಬೀಳುತ್ತಿದ್ದರೆ ಎಣಿಸುತ್ತ ಕೂರುವುದೂ ಬೇಡ. ಆಶಾ ಕಾರ್ಯಕರ್ತೆಯರಿಗೆ ಕಲಿಸುವ ಎಣಿಕೆ ಇದೇ. ಯಾವ ತಾಯಿಯೂ ಇದನ್ನು ಕಲಿಯಬಲ್ಲಳು.

ಎಲ್ಲ ವಯಸ್ಸಿನವರಲ್ಲೂ ಗಮನಿಸಬೇಕಾದ ಇನ್ನೊಂದು ಗುರುತಿದೆ. ಜ್ವರ ಬಿಟ್ಟು ಒಂದೆರಡು ದಿನ ಚೇತರಿಸಿಕೊಂಡವರಿಗೆ ಮತ್ತೆ ಜ್ವರ, ಹೆಚ್ಚಿದ ಕೆಮ್ಮು ಬಂದರೆ ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ಸೋಂಕು ತಗುಲಿರಬಹುದು. ಆಗ ಆ್ಯಂಟಿಬಯಾಟಿಕ್ ನಿಜಕ್ಕೂ ಬೇಕಾಗುತ್ತದೆ.

ಯಾವಾಗ ಹೊರಗೆ ಬರಬಹುದು?

ಗುರುವಾರ ಹುಡುಗಿಯ ಜ್ವರ ಬಿಟ್ಟಿತು, ಶುಕ್ರವಾರ ಅವಳು ಆಡಬೇಕೆಂದು ಹಟ ಮಾಡುತ್ತಾಳೆ. ಪ್ಯಾರಾಸಿಟಮಾಲ್ ಇಲ್ಲದೆಯೇ 24 ಗಂಟೆ ಜ್ವರ ಬಾರದಿದ್ದರೆ ಕೋಣೆಯಿಂದ ಹೊರಗೆ ಬರಬಹುದು, ಮಾಸ್ಕ್ ಹಾಕಿಕೊಂಡು ಮನೆಯೊಳಗೆ ಓಡಾಡಬಹುದು. ಅಜ್ಜಿಯ ಪಕ್ಕ ಮಲಗುವುದು, ತಮ್ಮನನ್ನು ಎತ್ತಿ ಮುದ್ದಾಡುವುದು ಮಾತ್ರ ಜ್ವರ ಶುರುವಾಗಿ ಏಳು ದಿನ ತುಂಬಿದ ಮೇಲೆ, ಅಂದರೆ ಮುಂದಿನ ಸೋಮವಾರ ದಾಟಿದ ಮೇಲೆ. ಮಕ್ಕಳು ಹೆಚ್ಚು ದಿನ ವೈರಾಣು ಹೊರಬಿಡಬಲ್ಲರಾದ್ದರಿಂದ ಕೆಮ್ಮು ಇನ್ನೂ ಜೋರಾಗಿದ್ದರೆ ಇನ್ನೆರಡು ಮೂರು ದಿನ ತಡೆದರೆ ಒಳ್ಳೆಯದು. ಒಣಕೆಮ್ಮು ಎರಡು ವಾರ ಉಳಿಯುವುದುಂಟು. ಅಷ್ಟೂ ದಿನ ಬೇರೆ ಇರಬೇಕಿಲ್ಲ. ಮನೆಯಲ್ಲಿ ಮತ್ತೊಬ್ಬರಿಗೆ ಬಂದರೆ ಅವರ ಏಳು ದಿನವನ್ನು ಅವರ ಜ್ವರದ ದಿನದಿಂದ ಹೊಸದಾಗಿ ಎಣಿಸಬೇಕು.

ಇಷ್ಟೆಲ್ಲ ಮಾಡಿದರೂ ಸೋಂಕು ಹರಡಬಹುದು, ಏಕೆಂದರೆ ವೈರಾಣು ಲಕ್ಷಣಕ್ಕಿಂತ ಒಂದು ದಿನ ಮುಂದಿರುತ್ತದೆ. ಆ ಒಂದು ದಿನಕ್ಕೆ ಉತ್ತರ ಲಸಿಕೆ. ಅದು ತೋಳಿಗೆ ಚುಚ್ಚಿದ ಮೇಲೆ ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕಾದ್ದರಿಂದ ಮನೆಯಲ್ಲಿ ಜ್ವರ ಬಂದ ದಿನ ಓಡಿದರೆ ಆ ಸಲಕ್ಕೆ ಪ್ರಯೋಜನವಿಲ್ಲ. ಫ್ಲೂ ಲಸಿಕೆಯನ್ನು ಆರು ತಿಂಗಳು ತುಂಬದ ಕೂಸಿಗೆ ಕೊಡುವುದಿಲ್ಲ. ಆದರೆ ಗರ್ಭಿಣಿಗೆ ಕೊಟ್ಟರೆ ಹೊಟ್ಟೆಯಲ್ಲಿರುವ ಮಗುವಿಗೂ ಪ್ರತಿಕಾಯಗಳು ದಾಟುತ್ತವೆ. ಬಾಂಗ್ಲಾದೇಶದಲ್ಲಿ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಸಿಕೆ ಪಡೆದ ತಾಯಂದಿರ ಮಕ್ಕಳಲ್ಲಿ ಮೊದಲ ಆರು ತಿಂಗಳಲ್ಲಿ ಖಚಿತಪಟ್ಟ ಫ್ಲೂ ಶೇ 63ರಷ್ಟು ಕಡಿಮೆಯಿತ್ತು.

ಭಾರತದ ಉಚಿತ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಫ್ಲೂ ಲಸಿಕೆ ಇಲ್ಲ. ಹೆಚ್ಚಿನ ಕುಟುಂಬಗಳು ಖಾಸಗಿಯಾಗಿ ಹಣ ಕೊಟ್ಟೇ ಹಾಕಿಸಿಕೊಳ್ಳಬೇಕು, ಅದೂ ವರ್ಷಕ್ಕೊಮ್ಮೆ. ಮನೆಯ ಎಲ್ಲರಿಗೂ ಕೊಡಿಸಲಾಗದಿದ್ದರೆ ಮಳೆಗಾಲ ಶುರುವಾಗುವ ಮೊದಲು, ಮೇ ತಿಂಗಳಲ್ಲಿ, ಅಜ್ಜ ಅಜ್ಜಿಗೆ ಮತ್ತು ಮನೆಯಲ್ಲಿ ಗರ್ಭಿಣಿಯಿದ್ದರೆ ಅವರಿಗೆ ಮೊದಲು ಹಾಕಿಸಿ. ನಂತರದ ಸರದಿ ಕೂಸನ್ನು ಎತ್ತಿಕೊಳ್ಳುವ ದೊಡ್ಡವರದು ಮತ್ತು ಶಾಲೆಗೆ ಹೋಗುವ ಮಗುವಿನದು.